ದೇವಸ್ಥಾನದ ಚಿಕ್ಕ ಮದುವೆ, 8 ಫೋಟೊ: ಕೆಳಗೆ ಏನು ಬರೆಯಲಿ?

ಆಲೂರಿನ ಕ್ಯಾಮೆರಾ

ಎಲ್ಲರಿಗೂ ನಮಸ್ಕಾರ. ಹಾಸನ ಸುತ್ತಮುತ್ತ ಮದುವೆ ಫೋಟೊ ತೆಗೆಯುತ್ತೇನೆ. ಈ ಕೆಲಸಕ್ಕೆ ಇಳಿದು ಮೂರು ವರ್ಷ ಆಯಿತು. ಹೋದ ತಿಂಗಳು ಬೇಲೂರಿನ ಆಚೆ ಒಂದು ಹಳ್ಳಿಯ ದೇವಸ್ಥಾನದಲ್ಲಿ ಮದುವೆ ತೆಗೆದೆ. ಛತ್ರ ಇಲ್ಲ, ಸ್ಟೇಜ್ ಇಲ್ಲ, ಸುಮಾರು ಅರವತ್ತು ಜನ. ಪೋಸ್ ಕೊಡುವುದಿಲ್ಲ ಎಂದು ಹುಡುಗ ಹುಡುಗಿ ಮೊದಲೇ ಹೇಳಿದ್ದರು. ಅದರಲ್ಲಿ 8 ಫೋಟೊ ಆರಿಸಿ ನನ್ನ ಪೇಜಿಗೆ ಹಾಕಬೇಕು. ಇಬ್ಬರೂ ಒಪ್ಪಿದ್ದಾರೆ. ಆರಿಸುವುದಕ್ಕೆ ಒಂದು ಸಂಜೆ ಸಾಕಾಯಿತು. ಕೆಳಗೆ ಬರೆಯುವುದಕ್ಕೆ ನಾಲ್ಕು ದಿನದಿಂದ ಒದ್ದಾಡುತ್ತಿದ್ದೇನೆ.

ಫೋಟೊಗಳು ಹೀಗಿವೆ. ಮೊದಲನೆಯದರಲ್ಲಿ ಇಬ್ಬರೂ ಎದುರುಬದುರು, ಹುಡುಗಿ ತುದಿಗಾಲಲ್ಲಿ ನಿಂತಿದ್ದಾಳೆ, ಹುಡುಗ ತಲೆ ಬಗ್ಗಿಸಿ ನಗುತ್ತಿದ್ದಾನೆ. ಎರಡನೆಯದು ಕಂಬಕ್ಕೆ ಒರಗಿ ಹೂ ಕಟ್ಟುತ್ತಿರುವ ಅಜ್ಜಿ. ಮೂರು, ಧಾರೆ ಎರೆಯುವಾಗ ಹುಡುಗಿಯ ಅಪ್ಪ. ನಾಲ್ಕು, ಅಕ್ಷತೆ ಮಳೆ. ಐದು, ಡೋಲು ಹೊಡೆಯುವವರು ಕೋಲು ಎತ್ತಿ ಪುರೋಹಿತರ ಕೈಯನ್ನೇ ನೋಡುತ್ತಿರುವುದು. ಆರು, ಮಾಂಗಲ್ಯ ಕಟ್ಟುತ್ತಿರುವುದು, ಅದನ್ನು ಕಪ್ಪು ಬಿಳುಪು ಮಾಡಿದ್ದೇನೆ. ಏಳು, ಜಮಖಾನದ ಮೇಲೆ ಮುಷ್ಟಿಯಲ್ಲಿ ಅಕ್ಷತೆ ಹಿಡಿದೇ ಮಲಗಿರುವ ಮಗು. ಎಂಟು, ಬಾಳೆಎಲೆ ಊಟದ ಪಂಕ್ತಿ.

ಬರೆದಿರುವುದು ಇದು:

«ಎರಡು ಹೃದಯಗಳ ಸುಂದರ ಪಯಣ ದೇವರ ಸನ್ನಿಧಿಯಲ್ಲಿ ಆರಂಭವಾದ ಆ ಕ್ಷಣ... ಹಾರ ಬದಲಾಯಿಸುವಾಗಿನ ನಗು, ಅಜ್ಜಿಯ ಪ್ರೀತಿ, ತಂದೆಯ ಕಣ್ಣೀರು. ಬರೀ ದೀಪದ ಬೆಳಕಿನಲ್ಲಿ ಸೆರೆಹಿಡಿದ ಒಂದು ಸರಳ ವಿವಾಹದ ಕ್ಯಾಂಡಿಡ್ ಕ್ಷಣಗಳು.»

ಲೊಕೇಶನ್ ಬೇಲೂರು ಚೆನ್ನಕೇಶವ ದೇವಸ್ಥಾನ ಎಂದು ಹಾಕೋಣ ಅಂದುಕೊಂಡಿದ್ದೇನೆ. ಹೇಗಿದೆ, ಬಿಚ್ಚುಮನಸ್ಸಿನಿಂದ ಹೇಳಿ.

ಪ್ರೆಸ್ಸಿನವರು

ಒಕ್ಕಣೆ ಚೆನ್ನಾಗಿದೆ, ಆದರೆ ಮುಖ್ಯವಾದದ್ದೇ ಬಿಟ್ಟಿದ್ದೀರಿ. ಮೇಲೆ ಮನೆದೇವರ ಹೆಸರು ಬರಬೇಕು. ಆಮೇಲೆ ತಿಥಿ, ವಾರ, ಗಂಟೆ, ಲಗ್ನ. ವಧುವಿನ ತಂದೆ ತಾಯಿ ಹೆಸರು ಎಡಕ್ಕೆ, ವರನ ಕಡೆಯವರದ್ದು ಬಲಕ್ಕೆ. ಕೊನೆಯಲ್ಲಿ «ತಮ್ಮ ಆಗಮನಾಭಿಲಾಷಿಗಳು». ನಾವು ಮೂವತ್ತು ವರ್ಷದಿಂದ ಹೀಗೇ ಹೊಡೆಯುತ್ತಿದ್ದೇವೆ.

ಆಲೂರಿನ ಕ್ಯಾಮೆರಾ

ಸರ್, ಇದು ಲಗ್ನಪತ್ರಿಕೆ ಅಲ್ಲ. ಮದುವೆ ಮುಗಿದು ಒಂದು ತಿಂಗಳಾಯಿತು.

ಪ್ರೆಸ್ಸಿನವರು

ಓ ಹಾಗಾ. ಕನ್ನಡಕ ಮಗನ ಕಾರಿನಲ್ಲಿದೆ.

ಹಳೆ ರೀಲು

ಪ್ರೆಸ್ಸಿನವರು ಎಡವಿದ ಕಡೆಯೇ ಒಂದು ಒಳ್ಳೆ ಮಾತಿದೆ, ಬಿಡಬೇಡ ತಮ್ಮಾ. ಲಗ್ನಪತ್ರಿಕೆ ಓದಿದರೆ ಯಾರ ಮದುವೆ, ಎಲ್ಲಿ, ಎಷ್ಟು ಗಂಟೆಗೆ ಎಂದು ಗೊತ್ತಾಗುತ್ತದೆ. ನೀನು ಬರೆದಿರುವುದನ್ನು ಓದಿದರೆ ಏನು ಗೊತ್ತಾಗುತ್ತದೆ? ಅದನ್ನು ಕಿತ್ತು ಯಾವ ಮದುವೆಯ ಕೆಳಗೆ ಅಂಟಿಸಿದರೂ ಕೂರುತ್ತದೆ. ಬೆಂಗಳೂರಿನ ರೆಸಾರ್ಟ್ ಮದುವೆಗೂ ಕೂರುತ್ತದೆ.

ನಾನು ಹಾಸನದಲ್ಲಿ ರೀಲಿನ ಕಾಲದಿಂದ ಸ್ಟುಡಿಯೊ ಇಟ್ಟವನು. ಆಗ ಒಂದು ರೋಲಿಗೆ 36 ಫೋಟೊ, ನೋಡಿಕೊಂಡು ಒತ್ತುತ್ತಿದ್ದೆವು. ಆಲ್ಬಮ್ ಕೊಡುವಾಗ ಹಿಂದೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದೆ: «ಸೋದರಮಾವ ಹೊತ್ತು ತಂದಾಗ, ಬಾಸಿಂಗ ಜಾರಿತ್ತು.» ಅಷ್ಟೇ. ಈಗಲೂ ಆ ಮನೆಯವರು ಸಿಕ್ಕರೆ ಆ ಸಾಲು ಹೇಳುತ್ತಾರೆ, ಫೋಟೊ ಹೇಗೆ ಬಂದಿತ್ತು ಎನ್ನುವುದಿಲ್ಲ.

ಇನ್ನೊಂದು. ಮೊದಲನೆಯ ಫೋಟೊ ಹಾರ ಬದಲಾಯಿಸುವುದಲ್ಲ. ದೊಡ್ಡದು ಮಾಡಿ ನೋಡು. ಹುಡುಗಿಯ ಕೈಯಲ್ಲಿ ಹಾರ ಎಲ್ಲಿದೆ?

ಪುರೋಹಿತರ ಮೊಮ್ಮಗ

ಹೌದು, ಅದು ಜೀರಿಗೆ ಬೆಲ್ಲ! ಹುಡುಗನ ಕೂದಲಿನಲ್ಲಿ ಕಂದು ಬಣ್ಣದ್ದು ಅಂಟಿಕೊಂಡಿದೆ ನೋಡಿ. ಒಬ್ಬರ ತಲೆಯ ಮೇಲೆ ಇನ್ನೊಬ್ಬರು ಇಡುವುದು. ಹುಡುಗ ಎತ್ತರ ಇದ್ದಾನೆ, ಅದಕ್ಕೇ ಅವಳು ತುದಿಗಾಲಲ್ಲಿ ನಿಂತಿದ್ದಾಳೆ. ಇದು ತಾಳಿ ಕಟ್ಟಿದ ಮೇಲೆ ಮಾಡುವ ಶಾಸ್ತ್ರ. ಹಾಗಾಗಿ ಇದನ್ನು ಮೊದಲನೇ ಫೋಟೊ ಮಾಡಬೇಡಿ, ಆರರ ನಂತರ ಹಾಕಿ.

ಹಳೆ ರೀಲು

ಅರ್ಧ ಸರಿ ಹೇಳಿದಿರಿ ಸ್ವಾಮಿ. ಜೀರಿಗೆ ಬೆಲ್ಲವೇ ಅದು. ಆದರೆ ತಾಳಿ ಆದ ಮೇಲಲ್ಲ. ಹುಡುಗಿಯ ಕೊರಳು ನೋಡಿ, ತಾಳಿ ಇಲ್ಲ. ಪಕ್ಕದಲ್ಲಿ ಇಬ್ಬರು ಹಿಡಿದಿರುವ ಬಿಳಿ ಪಂಚೆಯ ಅಂಚು ಕಾಣುತ್ತದೆ, ಅಂತರಪಟ ಅದು. ಆಗ ತಾನೇ ಸರಿಸಿದ್ದಾರೆ. ಅಂತರಪಟ ಸರಿದು ಮೊದಲ ಸಲ ಮುಖ ನೋಡಿ, ಜೀರಿಗೆ ಬೆಲ್ಲ ಇಟ್ಟು, ಹಾರ ಹಾಕಿ, ಧಾರೆ ಆಗಿ, ಆಮೇಲೆ ಮಾಂಗಲ್ಯ. ನಾನು ತೆಗೆದ ಮದುವೆಗಳಲ್ಲಿ ಈ ಕ್ರಮವೇ ಜಾಸ್ತಿ.

ಪುರೋಹಿತರ ಮೊಮ್ಮಗ

ನಮ್ಮ ತಾತ ಬೇರೆ ಥರ ಮಾಡಿಸುತ್ತಿದ್ದ ನೆನಪು. ಮನೆಯಿಂದ ಮನೆಗೆ ವ್ಯತ್ಯಾಸ ಇರುತ್ತದೆ. ಆದರೆ ಕೊರಳಲ್ಲಿ ತಾಳಿ ಇಲ್ಲದ್ದು ನಿಜ. ಈ ಫೋಟೊದ ಮಟ್ಟಿಗೆ ಒಪ್ಪಿದೆ.

ಆಲೂರಿನ ಕ್ಯಾಮೆರಾ

ಅಯ್ಯೋ. ನಾನೇ ತೆಗೆದದ್ದು, ನನಗೇ ಕಂಡಿರಲಿಲ್ಲ. ಆ ಹೊತ್ತಿಗೆ ಕಣ್ಣೆಲ್ಲ ಫೋಕಸ್ ಮೇಲಿತ್ತು. ಹಾರ ಹಾಕಿದ್ದು ಅದಾದ ಎರಡು ನಿಮಿಷಕ್ಕೆ, ಅದು ಬೇರೆ ಫೋಟೊ.

ಚಿಕ್ಕಮಗಳೂರು ಹುಡುಗಿ

ನಾನು ಇಲ್ಲಿ ನಾಲ್ಕೈದು ಹೋಂಸ್ಟೇಗಳ ಪೇಜ್ ನೋಡಿಕೊಳ್ಳುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ 2,200 ಅಕ್ಷರ ಬರೆಯಬಹುದು. ಆದರೆ ಫೋಟೊ ಕೆಳಗೆ ಮೊದಲಿಗೆ ಕಾಣುವುದು ಒಂದೆರಡು ಸಾಲು. ಉಳಿದದ್ದು ಒತ್ತಿದರೆ ಮಾತ್ರ ತೆರೆಯುತ್ತದೆ. ಕನ್ನಡದಲ್ಲಿ ಇನ್ನೂ ಬೇಗ ಮುಗಿಯುತ್ತದೆ, ನಮ್ಮ ಅಕ್ಷರ ಅಗಲ ಅಲ್ವಾ. ಎಣಿಕೆಯಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. «ಅಕ್ಷತೆ» ನಮ್ಮ ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರಿಗೆ ಆರು.

ನಿಮ್ಮ ಮೊದಲ ಸಾಲಿನಲ್ಲಿ ಕಾಣುವುದು «ಎರಡು ಹೃದಯಗಳ ಸುಂದರ ಪಯಣ». ಯಾರೂ ಒತ್ತುವುದಿಲ್ಲ. «ಜೀರಿಗೆ ಬೆಲ್ಲ ಇಡುವುದಕ್ಕೆ ತುದಿಗಾಲಲ್ಲಿ ನಿಲ್ಲಬೇಕಾಯಿತು» ಎಂದು ಶುರು ಮಾಡಿದರೆ ಒತ್ತುತ್ತಾರೆ. ಫೋಟೊದಲ್ಲಿ ತುದಿಗಾಲು ಕಾಣುತ್ತದೆ, ಯಾಕೆ ಎಂದು ಕಾಣುವುದಿಲ್ಲ. ಆ ಯಾಕೆಯನ್ನು ನೀವು ಹೇಳಬೇಕು.

ತೋಟದ ಮನೆ

ಬ್ರದರ್, ನಿಮ್ಮ ಚಾರ್ಜ್ ಎಷ್ಟು? ನಮ್ಮ ತಂಗಿ ಮದುವೆ ಏಪ್ರಿಲ್‌ನಲ್ಲಿ, ಸಕಲೇಶಪುರ ಹತ್ತಿರ ದೇವಸ್ಥಾನದಲ್ಲಿ. ಒಳಗೆ ಕತ್ತಲೆ. ಫ್ಲ್ಯಾಶ್ ಹೊಡೆದರೆ ಭಟ್ಟರು ಬೈಯುತ್ತಾರೆ. ಬರುತ್ತದಾ ಫೋಟೊ? ಅರ್ಧ ದಿನಕ್ಕೆ ಬರುತ್ತೀರಾ, ಎಷ್ಟು ಜನ ಬರುತ್ತೀರಿ?

ಚಿಕ್ಕಮಗಳೂರು ಹುಡುಗಿ

ನೋಡಿ, ನಿಮ್ಮ ಬರಹ ಯಾರಿಗೆ ಎನ್ನುವುದಕ್ಕೆ ಉತ್ತರ ಬಂತು. ತೋಟದ ಮನೆಯವರು ಕೇಳಿದ ಒಂದಕ್ಕೂ ನಿಮ್ಮ ಒಕ್ಕಣೆಯಲ್ಲಿ ಜವಾಬಿಲ್ಲ. ಕೆಳಗಿನ ಒಂದೆರಡು ಸಾಲಿನಲ್ಲಿ ಬರೆಯಿರಿ: ಎಷ್ಟು ಹೊತ್ತಿನ ಮುಹೂರ್ತ, ಎಷ್ಟು ಜನ ಸೇರಿದ್ದರು, ಕ್ಯಾಮೆರಾ ಎಷ್ಟು, ಫ್ಲ್ಯಾಶ್ ಇತ್ತಾ. ಮೇಲೆ ಕಥೆ, ಕೆಳಗೆ ಕೆಲಸ.

ಆಲೂರಿನ ಕ್ಯಾಮೆರಾ

ತೋಟದ ಮನೆ ಅಣ್ಣ, ಮೆಸೇಜ್ ಮಾಡಿ, ಮಾತಾಡೋಣ. ಈ ಮದುವೆಗೆ ನಾನೊಬ್ಬನೇ, 35 ಎಂಎಂ ಲೆನ್ಸ್, ಫ್ಲ್ಯಾಶ್ ತೆಗೆಯಲೇ ಇಲ್ಲ. ಮುಹೂರ್ತ ಬೆಳಿಗ್ಗೆ ಆರೂ ಮುಕ್ಕಾಲಿಗೆ. ಅದಕ್ಕೇ «ಬರೀ ದೀಪದ ಬೆಳಕಿನಲ್ಲಿ» ಎಂದು ಬರೆದದ್ದು.

ಹಳೆ ರೀಲು

ಅಲ್ಲೇ ನಿಲ್ಲು. ಆ ಸಾಲಿನ ಬಗ್ಗೆ ಕೇಳಬೇಕು ಅಂದುಕೊಂಡಿದ್ದೆ. ಆರನೇ ಫೋಟೊ ಯಾಕೆ ಕಪ್ಪು ಬಿಳುಪು ಮಾಡಿದೆ?

ಆಲೂರಿನ ಕ್ಯಾಮೆರಾ

ಸುಮ್ನೆ. ಚೆನ್ನಾಗಿ ಕಾಣುತ್ತದೆ ಎಂದು.

ಹಳೆ ರೀಲು

ಸುಮ್ನೆ ಅಲ್ಲ. ಹಿಂದಿನ ಸುಣ್ಣದ ಗೋಡೆಯ ಮೇಲೆ ಅಡ್ಡಡ್ಡ ಪಟ್ಟಿ ಇದೆ, ಒಂದು ಮಬ್ಬು, ಒಂದು ಬೆಳಕು. ಬಣ್ಣದಲ್ಲಿ ಅದು ಹಳದಿ, ನೀಲಿ ಆಗಿ ಕಾಣುತ್ತಿತ್ತು ಅಲ್ವಾ? ಬಣ್ಣ ತೆಗೆದರೆ ಬಣ್ಣದ ಪಟ್ಟಿ ಹೋಗುತ್ತದೆ, ಮಬ್ಬು ಬೆಳಕಿನ ಪಟ್ಟಿ ಉಳಿಯುತ್ತದೆ. ಎಣ್ಣೆ ದೀಪಕ್ಕೆ ಹಾಗೆ ಆಗುವುದಿಲ್ಲ. ದೀಪದ ಕುಡಿ ಅಲ್ಲಾಡಬಹುದು, ಪಟ್ಟಿ ಬರುವುದಿಲ್ಲ. ಅದು ಎಲ್ಇಡಿ ಟ್ಯೂಬಿನ ಕೆಲಸ.

ನಮ್ಮ ಕರೆಂಟ್ 50 ಹರ್ಟ್ಸ್. ಅಗ್ಗದ ಟ್ಯೂಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಶಟರ್ 1/250 ಸೆಕೆಂಡಿಗೆ ಇಟ್ಟರೆ ಒಂದು ಮಿನುಗಿನ ತುಂಡು ಮಾತ್ರ ಸಿಗುತ್ತದೆ. ಜೊತೆಗೆ ನೀನು ದೇವಸ್ಥಾನ ಎಂದು ಸದ್ದಿಲ್ಲದ ಶಟರ್ ಹಾಕಿರುತ್ತೀಯ. ಅದು ಸೆನ್ಸರನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ. ಒಂದು ಸಾಲು ಓದುವಾಗ ಟ್ಯೂಬು ಜೋರಾಗಿರುತ್ತದೆ, ಮುಂದಿನ ಸಾಲಿಗೆ ಮಂಕಾಗಿರುತ್ತದೆ. ಅದೇ ಪಟ್ಟಿ.

ಹಾಗಾಗಿ «ಬರೀ ದೀಪದ ಬೆಳಕಿನಲ್ಲಿ» ಎನ್ನುವುದು ಸುಳ್ಳು. ಬೇರೆ ಯಾರಿಗೂ ಗೊತ್ತಾಗದೇ ಇರಬಹುದು, ಕ್ಯಾಮೆರಾ ಹಿಡಿದವರಿಗೆ ಗೊತ್ತಾಗುತ್ತದೆ.

ಆಲೂರಿನ ಕ್ಯಾಮೆರಾ

ಸಿಕ್ಕಿಬಿದ್ದೆ. ಮಂಟಪದಲ್ಲಿ ಎರಡು ಟ್ಯೂಬ್‌ಲೈಟ್ ಇದ್ದವು. ಶಟರ್ 1/250, ಸೈಲೆಂಟ್. ಮನೆಗೆ ಬಂದು ನೋಡಿದಾಗ ಹೊಟ್ಟೆ ಉರಿಯಿತು.

ಪುರೋಹಿತರ ಮೊಮ್ಮಗ

ಹಾಗಾದರೆ ಇನ್ನು ಮೇಲೆ ಸೈಲೆಂಟ್ ಬೇಡ, ಶಟರ್ 1/100 ಇಟ್ಟುಬಿಡಿ. ಸಮಸ್ಯೆ ಮುಗಿಯಿತು.

ಹಳೆ ರೀಲು

ಪಟ್ಟಿ ಮುಗಿಯುತ್ತದೆ. ಆದರೆ 1/100ರಲ್ಲಿ ಅಕ್ಷತೆ ಕಾಳು ಕಾಳಾಗಿ ಬರುವುದಿಲ್ಲ, ಗೀರು ಗೀರಾಗಿ ಬರುತ್ತದೆ. ತಾಳಿಯ ಗಂಟು ಹಾಕುವ ಬೆರಳೂ ಮಸುಕಾಗಬಹುದು. ನಾನು ಮಾಡುವುದು ಇದು: ಅರ್ಧ ಗಂಟೆ ಮೊದಲೇ ಹೋಗಿ ಗೋಡೆಯದೊಂದು ಫೋಟೊ ತೆಗೆದು ನೋಡುತ್ತೇನೆ. ಪಟ್ಟಿ ಕಂಡರೆ ಅರ್ಚಕರನ್ನು ಕೇಳಿ ಟ್ಯೂಬ್ ಆರಿಸಿಸುತ್ತೇನೆ, ಬಾಗಿಲ ಬೆಳಕು ಸಾಕಾಗುವಂತಿದ್ದರೆ. ಸಾಕಾಗದಿದ್ದರೆ ಮಾಮೂಲಿ ಶಟರ್, 1/100. ಕಟಕ್ ಎನ್ನುವ ಸದ್ದು ವಾಲಗದ ಮುಂದೆ ಯಾರಿಗೂ ಕೇಳಿಸುವುದಿಲ್ಲ. ಧಾರೆಯ ಹೊತ್ತಿಗೆ ಗಟ್ಟಿಮೇಳ ಇದ್ದೇ ಇರುತ್ತದೆ.

ಒಕ್ಕಣೆಯಲ್ಲಿ «ಫ್ಲ್ಯಾಶ್ ಬಳಸಿಲ್ಲ» ಎಂದು ಬರಿ. ಅದು ನಿಜ. ತೋಟದ ಮನೆಯವರಿಗೆ ಬೇಕಾದದ್ದೂ ಅದೇ.

ಹಳೇಬೀಡು ಗೈಡ್

ನಡುವೆ ಬಂದೆ, ಕ್ಷಮಿಸಿ. ಎರಡನೇ ಫೋಟೊದ ಕಂಬ ಮರದ್ದು. ನೆಲ ಕೆಂಪು ರೆಡ್ ಆಕ್ಸೈಡ್. ಮೇಲೆ ಮಂಗಳೂರು ಹೆಂಚು. ಚೆನ್ನಕೇಶವ ದೇವಸ್ಥಾನದಲ್ಲಿ ಇದು ಮೂರೂ ಇಲ್ಲ. ಅಲ್ಲಿ ಬಳಪದ ಕಲ್ಲಿನ ಕಂಬ, ಕಡೆದು ನುಣುಪು ಮಾಡಿದ್ದು. ಆ ದೇವಸ್ಥಾನ ನೋಡಿದ ಯಾರಿಗಾದರೂ ತಕ್ಷಣ ಗೊತ್ತಾಗುತ್ತದೆ. ಲೊಕೇಶನ್ ಯಾಕೆ ಅದನ್ನು ಹಾಕುತ್ತೀರಿ?

ಆಲೂರಿನ ಕ್ಯಾಮೆರಾ

ಬೇಲೂರು ಎಂದು ಹಾಕಿದರೆ ಜಾಸ್ತಿ ಜನ ನೋಡುತ್ತಾರೆ ಎಂದು, ಅಷ್ಟೇ.

ಹಳೇಬೀಡು ಗೈಡ್

ನೋಡುತ್ತಾರೆ. ಆಮೇಲೆ ಫೋನ್ ಮಾಡಿ «ಚೆನ್ನಕೇಶವನ ಮುಂದೆ ನಮಗೂ ಹೀಗೇ ತೆಗೆದುಕೊಡಿ» ಎನ್ನುತ್ತಾರೆ. ಅದು ಪುರಾತತ್ವ ಇಲಾಖೆಯ ಕೈಯಲ್ಲಿರುವ ಸ್ಮಾರಕ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅಲ್ಲಿ ಸ್ಟ್ಯಾಂಡ್ ಇಟ್ಟು ಶೂಟಿಂಗ್ ಎಂದರೆ ಅನುಮತಿ ಬೇಕು. ನಿಮ್ಮ ಹಳ್ಳಿಯ ಅರ್ಚಕರು ತಲೆ ಅಲ್ಲಾಡಿಸಿದ ಹಾಗೆ ಅಲ್ಲ.

ಪುರೋಹಿತರ ಮೊಮ್ಮಗ

ಅಂದರೆ ಯಾವ ದೇವಸ್ಥಾನದ ಫೋಟೊನೂ ಪೇಜಿಗೆ ಹಾಕುವ ಹಾಗಿಲ್ಲ. ಎಲ್ಲ ಸರ್ಕಾರದ್ದು.

ಹಳೇಬೀಡು ಗೈಡ್

ಹಾಗಲ್ಲ. ಸ್ಮಾರಕ ಬೇರೆ, ಮುಜರಾಯಿ ದೇವಸ್ಥಾನ ಬೇರೆ, ಊರವರೇ ನೋಡಿಕೊಳ್ಳುವ ಗುಡಿ ಬೇರೆ. ಇಲ್ಲಿ ಕೇಳಬೇಕಾದದ್ದು ಅರ್ಚಕರನ್ನು, ಊರ ಯಜಮಾನರನ್ನು. ಗರ್ಭಗುಡಿಯ ಒಳಗಿನ ಮೂರ್ತಿ ಕಾಣುವ ಫೋಟೊ ಇದ್ದರೆ ಅದನ್ನಂತೂ ಕೇಳಿಯೇ ಹಾಕಿ. ಬಹಳ ಕಡೆ ಒಪ್ಪುವುದಿಲ್ಲ.

ಆಲೂರಿನ ಕ್ಯಾಮೆರಾ

ಮೂರ್ತಿ ಯಾವುದರಲ್ಲೂ ಇಲ್ಲ. ಲೊಕೇಶನ್ «ಬೇಲೂರು ತಾಲ್ಲೂಕು» ಎಂದಷ್ಟೇ ಹಾಕುತ್ತೇನೆ. ಊರ ಹೆಸರು ಬೇಡ ಎಂದು ಹುಡುಗಿಯೂ ಹೇಳಿದ್ದಳು.

ಮೂಡಿಗೆರೆ ಸೊಸೆ

ನನ್ನದೊಂದು ಹೇಳಲೇಬೇಕು. ಮೂರನೇ ಫೋಟೊಗೆ «ತಂದೆಯ ಕಣ್ಣೀರು» ಎಂದು ಬರೆದಿದ್ದೀರಿ ಅಲ್ವಾ, ಅದನ್ನು ನೋಡಿ ಹೊಟ್ಟೆಯಲ್ಲಿ ಒಂಥರಾ ಆಯಿತು.

ನನ್ನ ಮದುವೆ ಐದು ವರ್ಷದ ಹಿಂದೆ. ಹೋಮದ ಹೊತ್ತಿನಲ್ಲಿ ಅಪ್ಪ ಟವಲಿನಿಂದ ಕಣ್ಣು ಒರೆಸಿಕೊಳ್ಳುತ್ತಿರುವ ಒಂದು ಫೋಟೊ ಇತ್ತು. ಫೋಟೊದವರು ನಮ್ಮನ್ನು ಒಂದು ಮಾತೂ ಕೇಳದೆ ಅವರ ಪೇಜಿಗೆ ಹಾಕಿದರು. ಕೆಳಗೆ «ಮಗಳನ್ನು ಕಳಿಸಿಕೊಡುವ ನೋವು ಯಾವ ತಂದೆಗೂ ಬೇಡ» ಎಂದು ಬರೆದರು. ಅದು ಹೊಗೆ. ಹಸಿ ಸೌದೆ ಹಾಕಿದ್ದರು, ಮಂಟಪದಲ್ಲಿ ಎಲ್ಲರ ಕಣ್ಣಲ್ಲೂ ನೀರು. ನನ್ನ ಗಂಡನದ್ದೂ. ಆದರೆ ಆ ಸಾಲು ಊರೆಲ್ಲ ಓಡಾಡಿತು. ಅತ್ತೆ ಮನೆಯಲ್ಲಿ «ನಿಮ್ಮಪ್ಪನಿಗೆ ನಮ್ಮ ಮನೆಗೆ ಕೊಡುವುದಕ್ಕೆ ಅಷ್ಟು ಬೇಜಾರಿತ್ತಾ» ಎಂದು ಕೇಳಿದರು. ತಮಾಷೆಗೇ ಕೇಳಿದ್ದು. ಆದರೂ ಕೇಳಿದರು.

ಫೋಟೊದಲ್ಲಿ ಕಣ್ಣು ಕಾಣುತ್ತದೆ. ನೋವು ಅಂತ ಹೇಗೆ ಗೊತ್ತಾಯಿತು ಅವರಿಗೆ?

ಹಳೆ ರೀಲು

ತಂಗಿ, ಇದು ನಾನು ಹೇಳುವುದಕ್ಕಿಂತ ಚೆನ್ನಾಗಿದೆ. ತಮ್ಮಾ, ಮೂರನೇ ಫೋಟೊದಲ್ಲಿ ಏನು ಕಾಣುತ್ತದೆ, ಅದನ್ನು ಹೇಳು. ಮನಸ್ಸಿನಲ್ಲಿ ಏನಿತ್ತು ಎನ್ನುವುದನ್ನು ಬಿಡು.

ಆಲೂರಿನ ಕ್ಯಾಮೆರಾ

ಕಾಣುವುದು: ಹುಡುಗಿಯ ಅಮ್ಮ ಗಿಂಡಿಯಿಂದ ನೀರು ಬಿಡುತ್ತಿದ್ದಾರೆ. ಕೈ ಮೇಲೆ ಕೈ, ಕೆಳಗೆ ತಟ್ಟೆ. ಅಪ್ಪನ ಅಂಗಿಯ ತೋಳು ಮೊಣಕೈವರೆಗೆ ಒದ್ದೆ. ಮಡಿಸುವುದಕ್ಕೆ ಮರೆತಿದ್ದಾರೆ. ಅಥವಾ ಕೈ ಸರಿಸಬಾರದು ಎಂದು ಹಾಗೇ ಬಿಟ್ಟಿದ್ದಾರೆ.

ಚಿಕ್ಕಮಗಳೂರು ಹುಡುಗಿ

«ಧಾರೆ ಮುಗಿಯುವವರೆಗೆ ಅಪ್ಪ ಕೈ ಸರಿಸಲಿಲ್ಲ. ತೋಳು ಮೊಣಕೈವರೆಗೆ ಒದ್ದೆ.» ಅಷ್ಟೇ ಸಾಕು. ಅಳು ಬೇಕಾದವರು ಅವರೇ ಓದಿಕೊಳ್ಳುತ್ತಾರೆ.

ಮೂಡಿಗೆರೆ ಸೊಸೆ

ಇದು ನನ್ನ ಅಪ್ಪನಿಗೂ ಒಪ್ಪಿಗೆ ಆಗುತ್ತಿತ್ತು. ಇನ್ನೊಂದು, «ಸರಳ ವಿವಾಹ» ಎನ್ನುವ ಮಾತನ್ನು ಆ ಮನೆಯವರಿಗೆ ತೋರಿಸಿದ್ದೀರಾ? ನಮ್ಮ ಕಡೆ «ದೇವಸ್ಥಾನದಲ್ಲಿ ಸಿಂಪಲ್ಲಾಗಿ ಆಯಿತು» ಎಂದರೆ ಜನ ಹುಬ್ಬು ಏರಿಸುತ್ತಾರೆ. ಓಡಿಹೋಗಿ ಆದ ಮದುವೆ ಎಂದುಕೊಳ್ಳುತ್ತಾರೆ. ಇಲ್ಲವೇ ದುಡ್ಡಿರಲಿಲ್ಲ ಎಂದುಕೊಳ್ಳುತ್ತಾರೆ.

ಪುರೋಹಿತರ ಮೊಮ್ಮಗ

ಸರಳ ವಿವಾಹ ಎಂದರೆ ಕುವೆಂಪು ಅವರ ಮಂತ್ರಮಾಂಗಲ್ಯ. ಮಲೆನಾಡಿನಲ್ಲಿ ಅದು ಗೌರವದ ಮಾತು. ತಪ್ಪೇನಿದೆ?

ಹಳೆ ರೀಲು

ಗೌರವದ ಮಾತೇ. ಆದರೆ ಮಂತ್ರಮಾಂಗಲ್ಯದಲ್ಲಿ ಪುರೋಹಿತರೇ ಇರುವುದಿಲ್ಲ, ಮುಹೂರ್ತ ನೋಡುವುದಿಲ್ಲ. ಇಲ್ಲಿ ಆರೂ ಮುಕ್ಕಾಲರ ಮುಹೂರ್ತ ಇದೆ, ಪುರೋಹಿತರಿದ್ದಾರೆ, ವಾಲಗ ಇದೆ. ಆ ಹೆಸರು ಇದಕ್ಕೆ ಸಲ್ಲುವುದಿಲ್ಲ. ಇನ್ನು ಪೇಪರಿನಲ್ಲಿ «ಸರಳ ವಿವಾಹ» ಎಂದು ಬಂದರೆ ಸಾಮೂಹಿಕ ಮದುವೆ ಎಂದೇ ಅರ್ಥ. ಒಂದು ಮಾತಿಗೆ ಎರಡು ಅರ್ಥ, ಮೂರನೆಯದು ಚಾಡಿ. ಯಾವುದೂ ಈ ಮದುವೆಯದಲ್ಲ. ಅರವತ್ತು ಜನ ಎಂದು ಬರೆದುಬಿಡು. ಸರಳ ಎನ್ನುವುದು ಓದುವವರಿಗೇ ತಿಳಿಯುತ್ತದೆ.

ತೋಟದ ಮನೆ

ಅರವತ್ತು ಜನಕ್ಕೆ ಅಡುಗೆ ಯಾರು ಮಾಡಿದ್ದು? ಎಂಟನೇ ಫೋಟೊದಲ್ಲಿ ಎಲೆ ತುದಿಯಲ್ಲಿ ಇರುವುದು ಹಲಸಿನಕಾಯಿ ಪಲ್ಯದ ಹಾಗೆ ಕಾಣುತ್ತದೆ.

ಆಲೂರಿನ ಕ್ಯಾಮೆರಾ

ಬೀನ್ಸ್ ಪಲ್ಯ ಅಣ್ಣ.

ಇನ್ನೊಂದು ತಪ್ಪೊಪ್ಪಿಗೆ ಇದೆ. ಇಷ್ಟು ಹೇಳಿದ ಮೇಲೆ ಮುಚ್ಚಿಡುವುದು ಯಾಕೆ. ನಾಲ್ಕನೇ ಫೋಟೊ, ಅಕ್ಷತೆ ಮಳೆ. ನಿಜವಾಗಿ ಅಕ್ಷತೆ ಹಾಕಿದಾಗ ಒಬ್ಬ ಮಾವ ಮೊಬೈಲ್ ಎತ್ತಿ ನನ್ನ ಲೆನ್ಸಿಗೆ ಅಡ್ಡ ಬಂದರು. ಇಡೀ ಫೋಟೊದಲ್ಲಿ ಅವರ ವಾಚು ಮಾತ್ರ ಫೋಕಸ್ ಆಗಿದೆ. ಆಮೇಲೆ ನಾನೇ «ಇನ್ನೊಂದ್ಸಲ ಹಾಕಿ» ಎಂದೆ. ಹಾಕಿದರು, ನಕ್ಕರು, ಚೆನ್ನಾಗಿ ಬಂತು. ಇದನ್ನು ಕ್ಯಾಂಡಿಡ್ ಎನ್ನಬಹುದಾ?

ಚಿಕ್ಕಮಗಳೂರು ಹುಡುಗಿ

ನಗು ಅವರದ್ದೇ ಅಲ್ವಾ? ನೀವು ನಗಿ ಎಂದಿರಲಿಲ್ಲ. ನನ್ನ ಪ್ರಕಾರ ಪರವಾಗಿಲ್ಲ. ಎಲ್ಲರೂ ಮಾಡುತ್ತಾರೆ.

ಹಳೆ ರೀಲು

ನಾನು ಒಪ್ಪುವುದಿಲ್ಲ. ಆ ಅಕ್ಷತೆ ಬಿದ್ದದ್ದು ಮುಹೂರ್ತಕ್ಕಲ್ಲ, ನಿನಗೆ. ಅದು ಕೆಟ್ಟ ಫೋಟೊ ಎಂದು ನಾನು ಹೇಳುತ್ತಿಲ್ಲ, ಹಾಕಬೇಡ ಎಂದೂ ಹೇಳುತ್ತಿಲ್ಲ. «ಕ್ಯಾಂಡಿಡ್» ಎನ್ನುವ ಚೀಟಿ ಅದಕ್ಕೆ ಅಂಟಿಸಬೇಡ. ಕಣ್ಣು ಪಳಗಿದವರಿಗೆ ಇಲ್ಲೂ ಗೊತ್ತಾಗುತ್ತದೆ: ಐದನೆಯದರಲ್ಲಿ ಡೋಲಿನವರು ಕೋಲು ಎತ್ತಿದ್ದಾರೆ. ನಾಲ್ಕರಲ್ಲಿ ಅಕ್ಷತೆ ಬೀಳುತ್ತಿದೆ, ಆದರೆ ಹಿಂದೆ ಡೋಲು ನೆಲದ ಮೇಲಿದೆ. ಗಟ್ಟಿಮೇಳ ಇಲ್ಲದೆ ಅಕ್ಷತೆ ಯಾವಾಗ ಬಿದ್ದಿತ್ತು?

ಚಿಕ್ಕಮಗಳೂರು ಹುಡುಗಿ

ಅಷ್ಟು ಯಾರು ನೋಡುತ್ತಾರೆ ಸರ್!

ಹಳೆ ರೀಲು

ನಾನು ನೋಡಿದೆನಲ್ಲಮ್ಮಾ.

ಮೂಡಿಗೆರೆ ಸೊಸೆ

ನನಗಂತೂ ಆ ವಾಚಿನ ಫೋಟೊನೇ ನೋಡಬೇಕು ಅನಿಸುತ್ತಿದೆ. ಎಲ್ಲರ ಮದುವೆಯಲ್ಲೂ ಅಂಥ ಒಬ್ಬ ಮಾವ ಇರುತ್ತಾರೆ. ಅದನ್ನೇ ಹಾಕಿ, ಇದನ್ನು ತೆಗೆಯಿರಿ.

ಆಲೂರಿನ ಕ್ಯಾಮೆರಾ

ಆ ಮಾವ ಹುಡುಗನ ಚಿಕ್ಕಪ್ಪ. ಅವರನ್ನು ಕೇಳುವುದಕ್ಕೇ ಧೈರ್ಯ ಬೇಕು. ಈ ವಿಷಯ ಇನ್ನೂ ಯೋಚಿಸುತ್ತೇನೆ. ಸದ್ಯಕ್ಕೆ «ಕ್ಯಾಂಡಿಡ್» ಪದವನ್ನೇ ತೆಗೆದಿದ್ದೇನೆ. ಉಳಿದದ್ದು ಬರೆದು ಹುಡುಗಿಗೆ ಕಳಿಸುತ್ತೇನೆ, ಅವರ ಮನೆಯಲ್ಲಿ ಓದಿದ ಮೇಲೇ ಹಾಕುವುದು.

*(ಎರಡು ದಿನದ ನಂತರ)*

ಆಲೂರಿನ ಕ್ಯಾಮೆರಾ

ಹುಡುಗಿಗೆ ಕಳಿಸಿದ್ದು ಇದು:

«ಜೀರಿಗೆ ಬೆಲ್ಲ ಇಡುವುದಕ್ಕೆ ಅವಳು ತುದಿಗಾಲಲ್ಲಿ ನಿಲ್ಲಬೇಕಾಯಿತು. ಅವನು ಬಗ್ಗಿದ್ದು ಆಮೇಲೆ.

ಅಂತರಪಟ ಸರಿಯುವವರೆಗೆ ಅಜ್ಜಿ ಹೂ ಕಟ್ಟುತ್ತಲೇ ಇದ್ದರು. ಧಾರೆ ಮುಗಿಯುವವರೆಗೆ ಅಪ್ಪ ಕೈ ಸರಿಸಲಿಲ್ಲ, ತೋಳು ಮೊಣಕೈವರೆಗೆ ಒದ್ದೆ. ಗಟ್ಟಿಮೇಳಕ್ಕೆ ಪುರೋಹಿತರ ಬೆರಳು ಏಳುವುದನ್ನೇ ಡೋಲಿನವರು ಕಾಯುತ್ತಿದ್ದರು. ಆ ಸದ್ದಿಗೂ ಏಳದವಳು ಜಮಖಾನದ ಮೇಲಿದ್ದಾಳೆ, ಅವಳ ಪಾಲಿನ ಅಕ್ಷತೆ ಇನ್ನೂ ಮುಷ್ಟಿಯಲ್ಲಿದೆ.

ಬೇಲೂರು ತಾಲ್ಲೂಕಿನ ಒಂದು ಹಳ್ಳಿಯ ದೇವಸ್ಥಾನ. ಮುಹೂರ್ತ ಬೆಳಿಗ್ಗೆ 6.45. ಅರವತ್ತು ಜನ, ಒಂದು ಕ್ಯಾಮೆರಾ. ಬಾಗಿಲ ಬೆಳಕು, ದೀಪ, ಎರಡು ಟ್ಯೂಬ್‌ಲೈಟ್. ಫ್ಲ್ಯಾಶ್ ಇಲ್ಲ.»

ಹಳೆ ರೀಲು

ಟ್ಯೂಬ್‌ಲೈಟೂ ಬರೆದಿದ್ದೀಯ! ಆರನೆಯದು ಏನು ಮಾಡಿದೆ?

ಆಲೂರಿನ ಕ್ಯಾಮೆರಾ

ಕಪ್ಪು ಬಿಳುಪಿನಲ್ಲೇ ಇದೆ ಸರ್. ಪಟ್ಟಿ ಇದ್ದರೂ ಅದು ತಾಳಿ ಕಟ್ಟಿದ ಫೋಟೊ, ಬಿಡುವುದಕ್ಕೆ ಮನಸ್ಸಾಗಲಿಲ್ಲ. ಅದರ ಬಗ್ಗೆ ಕೆಳಗೆ ಒಂದು ಮಾತೂ ಬರೆದಿಲ್ಲ.

ಚಿಕ್ಕಮಗಳೂರು ಹುಡುಗಿ

ತುಂಬಾ ಚೆನ್ನಾಗಿದೆ. ಮಗುವಿನ ಸಾಲು ನನಗೆ ಜಾಸ್ತಿ ಹಿಡಿಸಿತು. ಅಕ್ಷತೆ ಮಳೆ ಇದೆಯಾ ಹಾಗಾದರೆ, ಇಲ್ವಾ?

ಆಲೂರಿನ ಕ್ಯಾಮೆರಾ

ಸದ್ಯಕ್ಕೆ ತೆಗೆದಿದ್ದೇನೆ. ನೀವು ಹೇಳಿದ್ದೂ ಸರಿ ಅನಿಸುತ್ತದೆ, ರೀಲು ಸರ್ ಹೇಳಿದ್ದೂ ಸರಿ ಅನಿಸುತ್ತದೆ. ಏಳು ಫೋಟೊ ಸಾಕು.

ಮೂಡಿಗೆರೆ ಸೊಸೆ

ಹುಡುಗಿ ಏನಂದಳು? ಅಪ್ಪನ ಸಾಲು ಓದಿದಳಾ?

ಆಲೂರಿನ ಕ್ಯಾಮೆರಾ

ಓದಿದಳಂತೆ ಅಕ್ಕ. «ಅಪ್ಪ ಅತ್ತಿದ್ದು ನಿಜ, ನೀವು ಬರೆಯದೇ ಇದ್ದದ್ದು ಒಳ್ಳೆಯದಾಯಿತು» ಎಂದಳು. ಅಪ್ಪನಿಗೂ ಓದಿ ಹೇಳಿದ್ದಾಳೆ. ಅವರು ಅಂಗಿ ಒಣಗುವುದಕ್ಕೆ ಮಧ್ಯಾಹ್ನ ಆಯಿತು ಎಂದರಂತೆ.

ಒಂದೇ ಒಂದು ತಿದ್ದುಪಡಿ ಹೇಳಿದಳು. ಹೂ ಕಟ್ಟುತ್ತಿದ್ದವರು ಅಜ್ಜಿ ಅಲ್ಲವಂತೆ, ಹುಡುಗನ ದೊಡ್ಡಮ್ಮ. ಅಜ್ಜಿ ಎಂದು ಬರೆದು ಹಾಕಿದ್ದರೆ ಮನೆಗೆ ಬಂದು ಬೈಯುತ್ತಿದ್ದರಂತೆ. ತಿದ್ದಿ ನಾಳೆ ಬೆಳಿಗ್ಗೆ ಹಾಕುತ್ತೇನೆ.